ಶೀರ್ಷಿಕೆ ಬದಲಿಸಿದ್ದೇನೆ ಸರ್, ಒಂದು ತಿಂಗಳು ಕಾಯೋಣ

ಅಡಿಕೆ ಬೆಳೆಗಾರರು, ಅಡುಗೆ ಹೇಳಿಕೊಡುವ ಗೃಹಿಣಿಯರು, ಗಣಿತದ ಮೇಷ್ಟ್ರು, ಹಳ್ಳಿಯ ಪಶುವೈದ್ಯರು ಹೀಗೆ ಎಷ್ಟೋ ಜನ ಇವತ್ತು ಕನ್ನಡದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದಾರೆ. ಮಾತಾಡುವುದು, ಚಿತ್ರೀಕರಿಸುವುದು ಅವರ ಕೆಲಸ. ಕತ್ತರಿಸಿ ಜೋಡಿಸುವುದು, ಹೆಸರಿಟ್ಟು ಹಾಕುವುದು ಹಲವರಿಗೆ ಒಗ್ಗುವುದಿಲ್ಲ. ಅದಕ್ಕೆಂದು ಹತ್ತಿರದ ಪೇಟೆಯಲ್ಲೋ ಬೆಂಗಳೂರಿನಲ್ಲೋ ಇರುವ ಫ್ರೀಲಾನ್ಸ್ ಎಡಿಟರ್ ಒಬ್ಬರನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಆ ಎಡಿಟರ್ ಒಂದು ದಿನ ಹಳೆಯ ವಿಡಿಯೊಗಳ ಶೀರ್ಷಿಕೆಯನ್ನೂ ಬದಲಿಸುತ್ತಾರೆ. ಚಾನೆಲ್ ಮಾಲೀಕರಿಗೆ ಆತಂಕ ಶುರುವಾಗುವುದು ಆಗಲೇ. ಬಂದಿದ್ದ ವ್ಯೂಸ್ ಹೋಗಿಬಿಡುತ್ತದೆಯೇ? ಊರವರಿಗೆ ಕಳಿಸಿದ್ದ ಲಿಂಕ್ ಕೆಲಸ ಮಾಡುತ್ತದೆಯೇ? ನಾಳೆಯಿಂದಲೇ ನೋಡುವವರು ಹೆಚ್ಚಾಗುತ್ತಾರೆಯೇ?

ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವ ಒಂದು ಒಳ್ಳೆಯ ಸಂದೇಶವನ್ನು ಬರೆದು ಕಳಿಸುವುದು ಎಡಿಟರ್ ಕೆಲಸದ ಭಾಗವೇ. ಅದನ್ನು ಓದಿ ಅರ್ಥ ಮಾಡಿಕೊಳ್ಳುವುದು ಮಾಲೀಕರಿಗೂ ಅಷ್ಟೇ ಮುಖ್ಯ. ಏಕೆಂದರೆ ಶೀರ್ಷಿಕೆ ಬದಲಿಸಿದ ಮೇಲೆ ಪರದೆಯ ಮೇಲೆ ಕಾಣುವ ಅಂಕಿಗಳು ಸುಲಭವಾಗಿ ದಾರಿ ತಪ್ಪಿಸುತ್ತವೆ. ಒಳ್ಳೆಯದಾಗಿರುವಾಗ ಕೆಟ್ಟದಾದಂತೆಯೂ, ಏನೂ ಆಗಿಲ್ಲದಿರುವಾಗ ಗೆದ್ದಂತೆಯೂ ತೋರುತ್ತವೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಲೆನಾಡಿನ ಅಡಿಕೆ ಬೆಳೆಗಾರರೊಬ್ಬರ ಚಾನೆಲ್, ಅದರಲ್ಲಿ 60 ವಿಡಿಯೊ ಎಂದುಕೊಳ್ಳಿ. ಚಾನೆಲ್ ಕಲ್ಪಿತ, ಅದರ ವ್ಯೂಸ್ ಅಂಕಿಗಳೂ ಲೆಕ್ಕ ತಿಳಿಯಲೆಂದು ಇಟ್ಟುಕೊಂಡವು. ಆದರೆ ಅಡಿಕೆಯ ರೋಗ, ಅದರ ಔಷಧಿ, ಯೂಟ್ಯೂಬ್ ಎಣಿಸುವ ಕ್ರಮ ಎಲ್ಲವೂ ವಾಸ್ತವದ್ದೇ. ಎಡಿಟರ್ ವಾಟ್ಸಾಪ್‌ನಲ್ಲಿ ಕಳಿಸುವ ಸಂದೇಶ ಹೀಗಿರಬಹುದು:

"ನಮಸ್ಕಾರ ಸರ್. ಕಳೆದ ವಾರ ಫೋನಿನಲ್ಲಿ ಮಾತಾಡಿಕೊಂಡಂತೆ ನಿಮ್ಮ 60 ವಿಡಿಯೊಗಳಲ್ಲಿ 8ರ ಶೀರ್ಷಿಕೆ ಬದಲಿಸಿದ್ದೇನೆ. ಹಳೆಯ ಶೀರ್ಷಿಕೆ, ಹೊಸದು, ಬದಲಿಸಿದ ದಿನ, ಕಾರಣ ಇಷ್ಟನ್ನೂ ಜೊತೆಗಿರುವ ಶೀಟ್‌ನಲ್ಲಿ ಬರೆದಿದ್ದೇನೆ. ಯಾವುದಾದರೂ ನಿಮಗೆ ಹಿಡಿಸದಿದ್ದರೆ ಹೇಳಿ, ಹಳೆಯದನ್ನೇ ಹಾಕುತ್ತೇನೆ.

ಬದಲಿಸಿದ್ದು ಏಕೆಂದರೆ, ಈ 8 ವಿಡಿಯೊಗಳಲ್ಲಿ ನೀವು ಹೇಳಿರುವ ವಿಷಯ ಚೆನ್ನಾಗಿದೆ, ಕೊನೆಯವರೆಗೆ ನೋಡುವವರೂ ಇದ್ದಾರೆ. ಆದರೆ ಅದರೊಳಗೆ ಏನಿದೆ ಎಂಬುದು ಹೆಸರಿನಿಂದ ತಿಳಿಯುತ್ತಿರಲಿಲ್ಲ. 'ನಮಸ್ಕಾರ ರೈತ ಬಾಂಧವರೇ, ನಮ್ಮ ತೋಟದ ಕೆಲಸ ಭಾಗ 14' ಎಂಬುದು ಈಗ 'ಅಡಿಕೆ ಕೊಳೆರೋಗ: ಬೋರ್ಡೋ ದ್ರಾವಣ ತಯಾರಿಸುವ ಕ್ರಮ' ಎಂದಾಗಿದೆ. ಭಾಗಗಳ ಸಂಖ್ಯೆ ಪ್ಲೇಲಿಸ್ಟ್‌ನಲ್ಲಿ ಹಾಗೇ ಇದೆ.

ನಿಮ್ಮ ಲಿಂಕ್, ವ್ಯೂಸ್, ಲೈಕ್, ಕಾಮೆಂಟ್, ನೋಡಿದ ಗಂಟೆಗಳು ಯಾವುದೂ ಹೋಗಿಲ್ಲ. ಹಳೆಯ ವಾಟ್ಸಾಪ್ ಸಂದೇಶಗಳಲ್ಲಿ ಹಳೆಯ ಹೆಸರೇ ಕಾಣಬಹುದು, ಒತ್ತಿದರೆ ಅದೇ ವಿಡಿಯೊ ತೆರೆಯುತ್ತದೆ.

ಮೊದಲ ವಾರ ಏನೂ ಆಗದೇ ಇರಬಹುದು. ಕ್ಲಿಕ್ ದರ ಇಳಿದಂತೆಯೂ ಕಾಣಬಹುದು. ಅದೊಂದನ್ನೇ ನೋಡಿ ತೀರ್ಮಾನ ಮಾಡುವುದು ಬೇಡ. 28 ದಿನ ಆಗುವವರೆಗೆ ಈ 8 ವಿಡಿಯೊಗಳ ಶೀರ್ಷಿಕೆಯನ್ನೂ ಥಂಬ್‌ನೇಲ್ ಅನ್ನೂ ಮುಟ್ಟದೆ ಬಿಡೋಣ. ಆಮೇಲೆ ಅಂಕಿ ಹಿಡಿದುಕೊಂಡು ಮಾತಾಡೋಣ. ಇಷ್ಟೇ ವ್ಯೂಸ್ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಖಂಡಿತ ತೋರಿಸುತ್ತೇನೆ."

ಸಂದೇಶ ಚಿಕ್ಕದು. ಅದರ ಒಂದೊಂದು ಮಾತಿಗೂ ಹಿಂದೆ ಒಂದು ಕಾರಣವಿದೆ.

ಹೆಸರು ಯಾರಿಗೆ

'ನಮಸ್ಕಾರ ರೈತ ಬಾಂಧವರೇ' ಎಂಬ ಶೀರ್ಷಿಕೆ ಬಂದದ್ದು ಮಾತಿನ ಅಭ್ಯಾಸದಿಂದ. ಕ್ಯಾಮೆರಾ ಮುಂದೆ ನಿಂತಾಗ ಮೊದಲು ಬಾಯಿಗೆ ಬರುವ ಮಾತು ಅದು. ಚಾನೆಲ್ ಅನ್ನು ಮೊದಲಿನಿಂದ ನೋಡುತ್ತಿರುವವರಿಗೆ ಅದರಿಂದ ತೊಂದರೆಯಿಲ್ಲ. ಮುಖ ನೋಡಿದರೆ ಸಾಕು, ಅವರು ಒತ್ತುತ್ತಾರೆ. ಆದರೆ ಜೂನ್ ತಿಂಗಳಲ್ಲಿ ತೋಟದಲ್ಲಿ ಹಸಿರು ಕಾಯಿ ಉದುರುವುದನ್ನು ಕಂಡು ಫೋನ್ ಕೈಗೆತ್ತಿಕೊಂಡ ಬೇರೊಬ್ಬ ಬೆಳೆಗಾರರಿಗೆ ಈ ಚಾನೆಲ್ ಗೊತ್ತಿಲ್ಲ, ಭಾಗ 14ರಲ್ಲಿ ಏನಿದೆಯೆಂದೂ ಗೊತ್ತಿಲ್ಲ. ಅವರು ಹುಡುಕುವುದು 'ಕೊಳೆರೋಗ' ಎಂದು. ಕರಾವಳಿಯವರಾದರೆ 'ಮಹಾಳಿ' ಎಂದೂ ಹುಡುಕಿಯಾರು. ಹಳೆಯ ಶೀರ್ಷಿಕೆಯಲ್ಲಿ ಆ ಎರಡು ಪದಗಳಲ್ಲಿ ಒಂದೂ ಇರಲಿಲ್ಲ.

ಜನ ಯಾವ ಪದ ಬಳಸಿ ಹುಡುಕುತ್ತಾರೆ ಎಂಬುದನ್ನು ಎಡಿಟರ್ ಊಹಿಸಬೇಕಾಗಿಲ್ಲ. ಯೂಟ್ಯೂಬ್ ಸ್ಟುಡಿಯೋದ ಅನಲಿಟಿಕ್ಸ್ ವಿಭಾಗದಲ್ಲಿ ನೋಡುಗರು ಎಲ್ಲಿಂದ ಬಂದರು ಎಂಬ ಪಟ್ಟಿಯಿರುತ್ತದೆ. ಅದರಲ್ಲಿ YouTube search ಎಂಬುದನ್ನು ಒತ್ತಿದರೆ ಜನ ಏನೆಂದು ಬೆರಳಚ್ಚಿಸಿ ಈ ವಿಡಿಯೊಗೆ ಬಂದರು ಎಂಬ ಪದಗಳೇ ಸಾಲಾಗಿ ಕಾಣುತ್ತವೆ. ಕನ್ನಡದ ಚಾನೆಲ್‌ಗಳಲ್ಲಿ ಈ ಪಟ್ಟಿಯನ್ನು ನೋಡುವುದೇ ಒಂದು ಪಾಠ. ಒಂದೇ ವಿಷಯವನ್ನು ಕೆಲವರು ಕನ್ನಡ ಲಿಪಿಯಲ್ಲಿ ಹುಡುಕಿರುತ್ತಾರೆ, ಇನ್ನು ಕೆಲವರು adike kole roga ಎಂದು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿರುತ್ತಾರೆ. ಹಾಗಾಗಿ ಶೀರ್ಷಿಕೆಯ ಮುಂಭಾಗದಲ್ಲಿ ಕನ್ನಡ, ಕೊನೆಯಲ್ಲಿ ಜಾಗ ಉಳಿದರೆ ಇಂಗ್ಲಿಷ್ ಅಕ್ಷರದ ಅದೇ ಪದ, ವಿವರಣೆಯ ಮೊದಲ ಸಾಲಿನಲ್ಲಿ 'ಮಹಾಳಿ', 'ಮೈಲುತುತ್ತ' ಮುಂತಾದ ಊರ ಹೆಸರುಗಳು ಎಂದು ಹಂಚಿಕೊಳ್ಳುವುದು ಕ್ಷೇಮ. ಎಲ್ಲವನ್ನೂ ಶೀರ್ಷಿಕೆಗೇ ತುರುಕಿದರೆ ಅದು ಓದುವಂತಿರುವುದಿಲ್ಲ.

ಜಾಗದ ವಿಚಾರದಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕಿದೆ. ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಆದರೆ ಕಂಪ್ಯೂಟರ್ ಎಣಿಸುವ ಅಕ್ಷರ ನಾವು ಎಣಿಸುವ ಅಕ್ಷರವಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆ ಒಂದೊಂದನ್ನೂ ಅದು ಬೇರೆ ಬೇರೆಯಾಗಿ ಲೆಕ್ಕ ಹಿಡಿಯುತ್ತದೆ. 'ದ್ರಾವಣ' ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ, ಕಂಪ್ಯೂಟರ್‌ಗೆ ಆರು. 'ಅಡಿಕೆ ಕೊಳೆರೋಗ: ಬೋರ್ಡೋ ದ್ರಾವಣ ತಯಾರಿಸುವ ಕ್ರಮ' ಎಂಬ ಶೀರ್ಷಿಕೆ ಹೀಗೆ ಎಣಿಸಿದರೆ 42 ಆಗುತ್ತದೆ. ಕೊನೆಗೆ ಒಂದು ಅಡ್ಡಗೆರೆ ಹಾಕಿ Adike Kole Roga ಎಂದು ಸೇರಿಸಿದರೆ 60. ಮಿತಿಯೊಳಗೇ ಇದೆ. ಆದರೂ ಫೋನಿನ ಪರದೆಯಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಆದ್ದರಿಂದಲೇ 'ಅಡಿಕೆ ಕೊಳೆರೋಗ' ಎಂಬುದು ಎಲ್ಲಕ್ಕಿಂತ ಮೊದಲು ಬಂದಿದೆ. ಕಡಿದು ಹೋದರೂ ನಷ್ಟವಾಗದ ಮಾತನ್ನು ಕೊನೆಗೆ ಇಡಬೇಕು.

ಕೊಟ್ಟ ಮಾತು ವಿಡಿಯೊದಲ್ಲಿ ಎಲ್ಲಿದೆ?

ಹೊಸ ಶೀರ್ಷಿಕೆ ಬೋರ್ಡೋ ದ್ರಾವಣ ತಯಾರಿಸುವ ಕ್ರಮ ತೋರಿಸುತ್ತೇನೆ ಎನ್ನುತ್ತದೆ. ಹಾಗಾದರೆ ವಿಡಿಯೊದಲ್ಲಿ ಅದು ಇರಬೇಕು, ಬೇಗನೆ ಬರಬೇಕು.

ನಮ್ಮ ಬೆಳೆಗಾರರು ವಿಡಿಯೊದಲ್ಲಿ ಅದನ್ನು ಅಚ್ಚುಕಟ್ಟಾಗಿಯೇ ಹೇಳಿದ್ದಾರೆ. ಶೇಕಡ 1ರ ದ್ರಾವಣ 100 ಲೀಟರ್ ಬೇಕೆಂದರೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಬೇಕು. ಇನ್ನೊಂದು ಪಾತ್ರೆಯಲ್ಲಿ 1 ಕಿಲೋ ಸುಟ್ಟ ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಕದಡಿ ಸೋಸಬೇಕು. ಕಬ್ಬಿಣದ ಪಾತ್ರೆ ಕೂಡದು, ಪ್ಲಾಸ್ಟಿಕ್ ಡ್ರಮ್ ಆಗಬಹುದು. ಎರಡನ್ನೂ ಬೆರೆಸಿದ ಮೇಲೆ ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮುಂಗಾರು ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ ಗೊನೆಗೆ ಸಿಂಪಡಿಸಬೇಕು.

ತೊಂದರೆ ಇರುವುದು ಇದೆಲ್ಲ ಆರನೇ ನಿಮಿಷಕ್ಕೆ ಬರುವುದರಲ್ಲಿ. ಅದಕ್ಕೆ ಮೊದಲು ಮಳೆ ತಡವಾದದ್ದು, ತೋಟದ ದಾರಿ, ಕೂಲಿಯವರ ಅಭಾವ, ಹಿಂದಿನ ವಿಡಿಯೊ ನೋಡಿದವರಿಗೆ ಧನ್ಯವಾದ. ಹಳೆಯ ಶೀರ್ಷಿಕೆಯಡಿ ಇದು ಯಾರಿಗೂ ಅಡ್ಡಿಯಾಗಿರಲಿಲ್ಲ, ಬಂದವರು ಪರಿಚಿತರೇ. ಹೊಸ ಶೀರ್ಷಿಕೆಯನ್ನು ನಂಬಿ ಬಂದ ಅಪರಿಚಿತರಾದರೋ ಒಂದು ನಿಮಿಷ ಕಾದು ಹೊರಟು ಹೋಗುತ್ತಾರೆ. ಹೆಸರು ಬದಲಿಸಿದ್ದರಿಂದಲೇ ವಿಡಿಯೊದ ಮೊದಲ ಆರು ನಿಮಿಷ ಈಗ ದೋಷವಾಗಿ ಪರಿಣಮಿಸಿತು. ಶೀರ್ಷಿಕೆಯೊಂದನ್ನೇ ಬದಲಿಸಿ ಕೈತೊಳೆದುಕೊಳ್ಳುವ ಎಡಿಟರ್‌ಗಳು ಇದನ್ನು ಗಮನಿಸುವುದಿಲ್ಲ.

ಇದಕ್ಕೆ ಎರಡು ಪರಿಹಾರವಿದೆ. ಮೊದಲನೆಯದು, ವಿವರಣೆಯಲ್ಲಿ ಸಮಯದ ಸೂಚಿ ಹಾಕುವುದು. 00:00ರಿಂದ ಶುರುಮಾಡಿ ಕನಿಷ್ಠ ಮೂರು ಸಮಯಗಳನ್ನು ಕ್ರಮವಾಗಿ ಬರೆದರೆ ಯೂಟ್ಯೂಬ್ ಅವನ್ನು ಅಧ್ಯಾಯಗಳಾಗಿ ತೋರಿಸುತ್ತದೆ, ಒಂದೊಂದು ಅಧ್ಯಾಯವೂ 10 ಸೆಕೆಂಡಿಗೆ ಕಡಿಮೆಯಿರಬಾರದು:

```
00:00 ಪರಿಚಯ
06:05 ಮೈಲುತುತ್ತ ಕರಗಿಸುವುದು
07:40 ಸುಣ್ಣದ ನೀರು
09:15 ಬೆರೆಸುವುದು, ಚಾಕುವಿನ ಪರೀಕ್ಷೆ
```

ಎರಡನೆಯದು, ಸ್ಟುಡಿಯೋದಲ್ಲೇ ಇರುವ ಕತ್ತರಿಯಿಂದ ಮುನ್ನುಡಿಯ ಒಂದಿಷ್ಟು ಭಾಗವನ್ನು ತೆಗೆಯುವುದು. ಇದರಿಂದ ಲಿಂಕ್ ಬದಲಾಗುವುದಿಲ್ಲ, ವ್ಯೂಸ್ ಕೂಡ ಹಾಗೇ ಉಳಿಯುತ್ತದೆ. ಆದರೆ ಮಾತಿಗೆ ಕತ್ತರಿ ಹಾಕುವುದು ಶೀರ್ಷಿಕೆ ಬದಲಿಸುವುದಕ್ಕಿಂತ ಸೂಕ್ಷ್ಮದ ವಿಚಾರ. ಮಾಲೀಕರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು. ಕತ್ತರಿಸಿದ ಮೇಲೆ ಅಧ್ಯಾಯಗಳ ಸಮಯವನ್ನೂ ತಿದ್ದಬೇಕಾಗುತ್ತದೆ.

ಯಾವುದು ಉಳಿಯುತ್ತದೆ, ಯಾವುದು ಬದಲಾಗುತ್ತದೆ

ಯೂಟ್ಯೂಬ್‌ನಲ್ಲಿ ವಿಡಿಯೊ ಒಂದರ ಗುರುತು ಇರುವುದು ಅದರ ಲಿಂಕ್‌ನ ಕೊನೆಯ 11 ಅಕ್ಷರಗಳಲ್ಲಿ. ಶೀರ್ಷಿಕೆಗೂ ಆ ಗುರುತಿಗೂ ಸಂಬಂಧವಿಲ್ಲ. ಆದ್ದರಿಂದ ಹೆಸರು ಬದಲಿಸಿದರೆ ಹಳೆಯ ಲಿಂಕ್ ಕೆಡುವುದಿಲ್ಲ, ಎಣಿಕೆಗಳು ಸೊನ್ನೆಗೆ ಇಳಿಯುವುದಿಲ್ಲ. ಜಾಹೀರಾತಿನ ಆದಾಯಕ್ಕೆ ಬೇಕಾದ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಎಂಬ ಗುರಿಯತ್ತ ಸಾಗುತ್ತಿರುವ ಚಾನೆಲ್‌ಗಳಿಗೆ ಇದೇ ಮುಖ್ಯ ಭಯ. ಆ ಗಂಟೆಗಳೂ ಅಲ್ಲೇ ಇರುತ್ತವೆ. ಗಂಟೆ ಕಳೆದುಹೋಗುವುದು ವಿಡಿಯೊವನ್ನು ಅಳಿಸಿ ಹೊಸ ಹೆಸರಿನಲ್ಲಿ ಮತ್ತೆ ಹಾಕಿದಾಗ. ಶೀರ್ಷಿಕೆ ಸರಿಯಿಲ್ಲ ಎಂಬ ಒಂದೇ ಕಾರಣಕ್ಕೆ ಹಾಗೆ ಮಾಡುವವರೂ ಇದ್ದಾರೆ. ಅದರ ಅಗತ್ಯವೇ ಇಲ್ಲ.

ಹೆಸರು ಬದಲಿಸಿದರೆ ಯೂಟ್ಯೂಬ್ ದಂಡಿಸುತ್ತದೆ ಎಂಬ ಮಾತೂ ಓಡಾಡುತ್ತದೆ. ಅದೇ ರೀತಿ, ಹೆಸರು ಬದಲಿಸಿದರೆ ಯೂಟ್ಯೂಬ್ ವಿಡಿಯೊವನ್ನು ಹೊಸದೆಂದು ತಿಳಿದು ಮತ್ತೆ ಎಲ್ಲರಿಗೂ ತೋರಿಸುತ್ತದೆ ಎಂದು ನಂಬುವವರೂ ಇದ್ದಾರೆ. ಎರಡೂ ಸರಿಯಲ್ಲ. ಯೂಟ್ಯೂಬ್ ತಾನೇ ಹೇಳಿರುವ ಪ್ರಕಾರ ಅದರ ವ್ಯವಸ್ಥೆ ಸ್ಪಂದಿಸುವುದು ಬದಲಾವಣೆಗಲ್ಲ, ಆ ಬದಲಾವಣೆಯ ನಂತರ ನೋಡುಗರು ನಡೆದುಕೊಳ್ಳುವ ರೀತಿಗೆ. ಹೊಸ ಹೆಸರು ಕಂಡು ಹೆಚ್ಚು ಜನ ಒತ್ತಿ, ಒತ್ತಿದವರು ಕೂತು ನೋಡಿದರೆ ಅದು ಇನ್ನಷ್ಟು ಜನರ ಮುಂದೆ ಹೋಗುತ್ತದೆ. ಒತ್ತದಿದ್ದರೆ ಇಲ್ಲ. ಹೀಗಾಗಿ ಪರಿಣಾಮ ನಿಧಾನ.

ಕ್ಲಿಕ್ ದರ ಇಳಿದರೆ

ಸಂದೇಶದಲ್ಲಿ 'ಕ್ಲಿಕ್ ದರ ಇಳಿದಂತೆಯೂ ಕಾಣಬಹುದು' ಎಂದಿದೆಯಲ್ಲ, ಮಾಲೀಕರಿಗೆ ಹೆಚ್ಚು ಗೊಂದಲ ಉಂಟುಮಾಡುವ ಜಾಗ ಅದು.

ವಿಡಿಯೊದ ಚಿತ್ರ, ಅಂದರೆ ಥಂಬ್‌ನೇಲ್, ಯೂಟ್ಯೂಬ್‌ನಲ್ಲಿ ಯಾರದಾದರೂ ಪರದೆಯ ಮೇಲೆ ಕನಿಷ್ಠ ಅರ್ಧದಷ್ಟಾದರೂ ಕಾಣಿಸಿಕೊಂಡು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ಅದನ್ನು ಒಂದು ಇಂಪ್ರೆಷನ್ ಎಂದು ಎಣಿಸುತ್ತಾರೆ. ಹಾಗೆ ಕಂಡ ನೂರು ಸಲದಲ್ಲಿ ಎಷ್ಟು ಸಲ ಒತ್ತಿ ನೋಡಿದರು ಎಂಬುದು ಕ್ಲಿಕ್ ದರ. ಯೂಟ್ಯೂಬ್ ಹೇಳುವಂತೆ ಅರ್ಧದಷ್ಟು ಚಾನೆಲ್‌ಗಳ ಮತ್ತು ವಿಡಿಯೊಗಳ ಕ್ಲಿಕ್ ದರ ಶೇಕಡ 2ರಿಂದ 10ರ ನಡುವೆ ಇರುತ್ತದೆ.

ಈಗ ಲೆಕ್ಕ ನೋಡಿ. ಬದಲಿಸುವ ಮೊದಲು ನಮ್ಮ ಕೊಳೆರೋಗದ ವಿಡಿಯೊ 28 ದಿನಗಳಲ್ಲಿ 10,000 ಸಲ ಪರದೆಯ ಮೇಲೆ ಕಂಡಿತ್ತು, ಕ್ಲಿಕ್ ದರ ಶೇಕಡ 6, ಅಂದರೆ 600 ಕ್ಲಿಕ್. ಬದಲಿಸಿದ ನಂತರದ 28 ದಿನಗಳಲ್ಲಿ 30,000 ಸಲ ಕಂಡಿತು, ಕ್ಲಿಕ್ ದರ ಶೇಕಡ 4ಕ್ಕೆ ಇಳಿಯಿತು. ಆದರೆ 30,000ದ ಶೇಕಡ 4 ಎಂದರೆ 1,200. ದರ ಇಳಿದಿದೆ, ನೋಡಿದವರು ಇಮ್ಮಡಿಯಾಗಿದ್ದಾರೆ. ಮೊದಲು ಅದು ಬಹುಪಾಲು ಚಂದಾದಾರರ ಪರದೆಯಲ್ಲೇ ಕಾಣುತ್ತಿತ್ತು, ಅವರು ಒತ್ತುವವರೇ. ಈಗ ಹೊಸಬರ ಪರದೆಗೂ ಹೋಗುತ್ತಿದೆ. ಹೊಸಬರಲ್ಲಿ ಒತ್ತುವವರ ಪಾಲು ಯಾವಾಗಲೂ ಕಡಿಮೆ. ದರ ಇಳಿದದ್ದನ್ನು ಮಾತ್ರ ನೋಡಿ ಮಾಲೀಕರು ಗಾಬರಿಯಾಗಿ 'ಹಳೆಯದನ್ನೇ ಹಾಕಿ' ಎಂದರೆ ಆಗತೊಡಗಿದ್ದ ಕೆಲಸ ನಿಂತುಹೋಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯೂ ಉಂಟು. ಶೀರ್ಷಿಕೆಯನ್ನು 'ಈ ಒಂದು ತಪ್ಪು ಮಾಡಿದರೆ ನಿಮ್ಮ ಅಡಿಕೆ ತೋಟ ಸರ್ವನಾಶ!' ಎಂದು ಇಟ್ಟಿದ್ದರೆ ಕ್ಲಿಕ್ ದರ ಏರುತ್ತಿತ್ತು. ಶೇಕಡ 4 ಇದ್ದದ್ದು 8 ಆಯಿತು ಎಂದೇ ಇಟ್ಟುಕೊಳ್ಳಿ. ಆದರೆ ಮೋಸ ಹೋದೆವು ಎನಿಸಿ ಜನ ಬೇಗ ಎದ್ದು ಹೋದರೆ, ಮೊದಲು ಸರಾಸರಿ 4 ನಿಮಿಷ ನೋಡುತ್ತಿದ್ದವರು ಈಗ ಒಂದೂವರೆ ನಿಮಿಷ ನೋಡಿದರೆ ಏನಾಗುತ್ತದೆ? 10,000 ಇಂಪ್ರೆಷನ್‌ಗೆ ಮೊದಲು 400 ಜನ ನಾಲ್ಕು ನಿಮಿಷದಂತೆ 1,600 ನಿಮಿಷ ನೋಡಿದ್ದರು. ಈಗ 800 ಜನ ಒಂದೂವರೆ ನಿಮಿಷದಂತೆ 1,200 ನಿಮಿಷ. ಒತ್ತಿದವರು ಇಮ್ಮಡಿ, ನೋಡಿದ ಸಮಯ ಕಾಲು ಭಾಗ ಕಡಿಮೆ. ಥಂಬ್‌ನೇಲ್‌ಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಲು ಯೂಟ್ಯೂಬ್ ಕೊಟ್ಟಿರುವ ಸೌಲಭ್ಯದಲ್ಲೂ ಗೆದ್ದದ್ದು ಯಾವುದೆಂದು ನಿರ್ಧರಿಸುವುದು ಜನ ನೋಡಿದ ಸಮಯದ ಮೇಲೆ, ಕ್ಲಿಕ್‌ಗಳ ಮೇಲಲ್ಲ.

ಹೀಗಾಗಿ ಎಡಿಟರ್ ಕಳಿಸುವ ವರದಿಯಲ್ಲಿ ಮೂರು ಅಂಕಿಗಳು ಒಟ್ಟಿಗೇ ಇರಬೇಕು: ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಒತ್ತಿದವರು ಎಷ್ಟು ಹೊತ್ತು ನೋಡಿದರು. ಇವುಗಳಲ್ಲಿ ಒಂದನ್ನು ಮಾತ್ರ ತೋರಿಸುವ ವರದಿಯನ್ನು ನಂಬಬೇಡಿ.

ಇನ್ನೊಂದು ಮಾತು. ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ಲಿಂಕ್ ಒತ್ತಿ ಬರುವವರು ಈ ಇಂಪ್ರೆಷನ್ ಲೆಕ್ಕದೊಳಗೆ ಬರುವುದಿಲ್ಲ. ಅವರು ಬಂದದ್ದು ಹೊರಗಿನಿಂದ ಎಂದು ಬೇರೆ ಸಾಲಿನಲ್ಲಿ ದಾಖಲಾಗುತ್ತದೆ. ಕೃಷಿಯ ಚಾನೆಲ್‌ಗಳಿಗೆ ಸಹಕಾರ ಸಂಘದ ಗುಂಪು, ಊರ ಗುಂಪುಗಳಿಂದ ಸಾಕಷ್ಟು ಜನ ಬರುವುದುಂಟು. ಶೀರ್ಷಿಕೆ ಬದಲಿಸಿದ ವಾರದಲ್ಲೇ ಯಾರೋ ದೊಡ್ಡ ಗುಂಪೊಂದರಲ್ಲಿ ಲಿಂಕ್ ಹಾಕಿ ವ್ಯೂಸ್ ಜಿಗಿದರೆ ಅದು ಶೀರ್ಷಿಕೆಯ ಫಲವೆಂದು ಹೇಳಿಕೊಳ್ಳಬಾರದು.

ಮಳೆಯ ಪಾಲನ್ನು ಕಳೆಯಬೇಕು

ಕೊಳೆರೋಗ ಮಳೆಗಾಲದ ರೋಗ. ಫೈಟೋಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಅದಕ್ಕೆ ಕಾರಣ, ಎಡೆಬಿಡದ ಮಳೆ ಮತ್ತು ತೇವದಲ್ಲಿ ಅದು ಹಬ್ಬುತ್ತದೆ. ಅದರ ಬಗ್ಗೆ ಹುಡುಕುವವರು ಜೂನ್‌ನಿಂದ ಹೆಚ್ಚುವುದು ಸಹಜ. ಮೇ ಕೊನೆಯಲ್ಲಿ ಶೀರ್ಷಿಕೆ ಬದಲಿಸಿ, ಜೂನ್ ಕೊನೆಯಲ್ಲಿ 'ನೋಡಿ ಸರ್, ವ್ಯೂಸ್ ಏರಿದೆ' ಎಂದು ಎಡಿಟರ್ ತೋರಿಸಿದರೆ ಅದರಲ್ಲಿ ಶೀರ್ಷಿಕೆಯ ಪಾಲೆಷ್ಟು, ಮಳೆಯ ಪಾಲೆಷ್ಟು?

ಇದನ್ನು ಬೇರ್ಪಡಿಸಲು ಎರಡು ಕೆಲಸ ಮಾಡಬೇಕು. ಒಂದು, ಹಿಂದಿನ ತಿಂಗಳ ಜೊತೆ ಹೋಲಿಸುವ ಬದಲು ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಬೇಕು. ಎರಡು, ಅದೇ ಹಂಗಾಮಿನ ಇನ್ನೊಂದು ವಿಡಿಯೊವನ್ನು ಮುಟ್ಟದೆ ಬಿಡಬೇಕು. ನಮ್ಮ ಚಾನೆಲ್‌ನಲ್ಲಿ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವ ವಿಡಿಯೊ ಒಂದಿದೆ. ಅದೂ ಕೊಳೆರೋಗ ತಡೆಯಲು ಮಳೆಗೆ ಮುಂಚೆ ಮಾಡುವ ಕೆಲಸವೇ. ಎಡಿಟರ್ ಅದರ ಶೀರ್ಷಿಕೆಯನ್ನು ಬೇಕೆಂದೇ ಹಾಗೇ ಬಿಟ್ಟಿದ್ದಾರೆ. ಕಾಳುಮೆಣಸಿನ ಕಸಿಯ ವಿಡಿಯೊವನ್ನು ಹೋಲಿಕೆಗೆ ಇಟ್ಟುಕೊಂಡಿದ್ದರೆ ಉಪಯೋಗವಿರಲಿಲ್ಲ, ಅದರ ಹಂಗಾಮೂ ಅದನ್ನು ಹುಡುಕುವವರ ಅಗತ್ಯವೂ ಬೇರೆ.

ಈಗ ಅಂಕಿ ಹೀಗೆ ಬಂತು ಎನ್ನೋಣ. ಶೀರ್ಷಿಕೆ ಬದಲಿಸಿದ ಬೋರ್ಡೋ ವಿಡಿಯೊ ಕಳೆದ ವರ್ಷ ಜೂನ್‌ನಲ್ಲಿ 1,000 ವ್ಯೂಸ್ ಪಡೆದಿತ್ತು, ಈ ಜೂನ್‌ನಲ್ಲಿ 1,800. ಶೇಕಡ 80ರ ಏರಿಕೆ ಎಂದು ಸಂಭ್ರಮಿಸಬಹುದು. ಆದರೆ ಮುಟ್ಟದೆ ಬಿಟ್ಟ ಕೊಟ್ಟೆ ಕಟ್ಟುವ ವಿಡಿಯೊ ಕೂಡ 1,000ದಿಂದ 1,500ಕ್ಕೆ ಏರಿದೆ. ಅಂದರೆ ಈ ವರ್ಷ ಮಳೆ ಜೋರಾದದ್ದಕ್ಕೋ ಚಾನೆಲ್ ಬೆಳೆದದ್ದಕ್ಕೋ ಹೇಗಿದ್ದರೂ ಶೇಕಡ 50ರಷ್ಟು ಏರಿಕೆ ಬರುವುದಿತ್ತು. ಶೀರ್ಷಿಕೆಯ ಲೆಕ್ಕಕ್ಕೆ ಬರೆಯಬಹುದಾದದ್ದು ಉಳಿದ 300 ವ್ಯೂಸ್ ಮಾತ್ರ. ಅದನ್ನೂ ಖಚಿತವೆನ್ನಲು ಒಂದು ವಿಡಿಯೊ ಸಾಲದು. 8ರಲ್ಲಿ ಆರೋ ಏಳೋ ಇದೇ ದಿಕ್ಕಿನಲ್ಲಿ ಸಾಗಿದ್ದರೆ ನಂಬಬಹುದು. ಎರಡು ಮೇಲೆ, ಮೂರು ಕೆಳಗೆ, ಉಳಿದವು ಇದ್ದಲ್ಲೇ ಎಂದಾದರೆ ಶೀರ್ಷಿಕೆಗಳಿಂದ ಹೇಳಿಕೊಳ್ಳುವಂಥದ್ದು ಏನೂ ಆಗಿಲ್ಲ ಎಂದು ಒಪ್ಪಿಕೊಳ್ಳಬೇಕು.

28 ದಿನಗಳ ಕಾಲ ಥಂಬ್‌ನೇಲ್ ಅನ್ನೂ ಮುಟ್ಟುವುದು ಬೇಡ ಎಂದು ಸಂದೇಶ ಹೇಳುವುದೂ ಇದೇ ಕಾರಣಕ್ಕೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. 28 ಎಂಬುದು ಸ್ಟುಡಿಯೋ ತಾನಾಗಿ ತೋರಿಸುವ ಅವಧಿ. ಪೂರ್ತಿ ನಾಲ್ಕು ವಾರ ಆಗುವುದರಿಂದ ಶನಿವಾರ, ಭಾನುವಾರಗಳ ಏರಿಳಿತವೂ ಎರಡೂ ಕಡೆ ಸಮನಾಗುತ್ತದೆ.

ಮುಟ್ಟಬಾರದ ವಿಡಿಯೊಗಳು

60ರಲ್ಲಿ 8ನ್ನೇ ಆರಿಸಿದ್ದಕ್ಕೂ ಕಾರಣವಿದೆ. ಹುಡುಕಾಟದಿಂದ ತಿಂಗಳು ತಿಂಗಳೂ ಜನ ಬರುತ್ತಿರುವ ವಿಡಿಯೊಗಳನ್ನು ಎಡಿಟರ್ ಬಿಟ್ಟಿದ್ದಾರೆ. ಅವುಗಳ ಹೆಸರು ನೋಡಲು ಒರಟಾಗಿದ್ದರೂ ಕೆಲಸ ಮಾಡುತ್ತಿದೆ, ತಿದ್ದಲು ಹೋದರೆ ಇರುವುದೂ ಕೈತಪ್ಪಬಹುದು. ಬಂದವರೂ ಅರ್ಧ ನಿಮಿಷದಲ್ಲಿ ಎದ್ದು ಹೋಗುತ್ತಿರುವ ವಿಡಿಯೊಗಳನ್ನೂ ಬಿಟ್ಟಿದ್ದಾರೆ. ಅವುಗಳ ತೊಂದರೆ ಒಳಗಿದೆ, ಹೆಸರಿನಿಂದ ಅದು ಗುಣವಾಗುವುದಿಲ್ಲ. ಆರಿಸಿದ್ದು, ಕೆಲವೇ ಜನರು ಬಂದರೂ ಬಂದವರು ಬಹಳ ಹೊತ್ತು ನೋಡಿದ ವಿಡಿಯೊಗಳನ್ನು. ಶೀರ್ಷಿಕೆಯಿಂದ ಪ್ರಯೋಜನವಾಗುವ ಸಾಧ್ಯತೆ ಹೆಚ್ಚಿರುವುದು ಅಲ್ಲಿ.

ಸುಳ್ಳು ಶೀರ್ಷಿಕೆಯಿಂದ ನಿಯಮದ ತೊಂದರೆಯೂ ಬರಬಹುದು. ವಿಡಿಯೊದಲ್ಲಿ ಇಲ್ಲದ್ದನ್ನು ಇದೆಯೆಂದು ನಂಬಿಸುವ ಶೀರ್ಷಿಕೆ, ಚಿತ್ರ, ವಿವರಣೆಗಳನ್ನು ಯೂಟ್ಯೂಬ್‌ನ ನಿಯಮಗಳು ಮೊದಲಿನಿಂದಲೂ ಒಪ್ಪುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ಭಾರತದಲ್ಲಿ ಇದರ ಜಾರಿಯನ್ನು ಬಿಗಿಗೊಳಿಸುವುದಾಗಿ ಪ್ರಕಟಿಸಿತು, ಅದರಲ್ಲೂ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳ ವಿಡಿಯೊಗಳಲ್ಲಿ. ಅಡಿಕೆಯ ಚಾನೆಲ್‌ಗೂ ಇದರ ಪಾಠ ಅನ್ವಯಿಸುತ್ತದೆ. ಅಡಿಕೆ ಧಾರಣೆ, ಆಮದು ಕುರಿತ ವಿಡಿಯೊಗೆ ಆಗದ ಸಂಗತಿಯನ್ನು ಆಗಿದೆಯೆಂದು ಹೆಸರಿಟ್ಟರೆ ತೊಂದರೆಗೆ ಒಳಗಾಗುವುದು ಚಾನೆಲ್ ಮಾಲೀಕರೇ, ಹೆಸರಿಟ್ಟ ಎಡಿಟರ್ ಅಲ್ಲ.

ಮಾಲೀಕರು ಕೇಳಿ ಪಡೆಯಬೇಕಾದ್ದು

ಎಡಿಟರ್‌ಗೆ ಜೀಮೇಲ್ ಪಾಸ್‌ವರ್ಡ್ ಕೊಡಬೇಡಿ. ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ Permissions ಎಂಬಲ್ಲಿ ಅವರ ಇಮೇಲ್ ಸೇರಿಸಿ Editor ಎಂಬ ಅಧಿಕಾರ ಕೊಟ್ಟರೆ ಶೀರ್ಷಿಕೆ ತಿದ್ದಲು, ವಿಡಿಯೊ ಹಾಕಲು ಅಷ್ಟು ಸಾಕು. ಚಾನೆಲ್ ಅಳಿಸಲು, ಬೇರೆಯವರನ್ನು ಸೇರಿಸಲು ಅವರಿಗೆ ಆಗುವುದಿಲ್ಲ. ಆದಾಯದ ಅಂಕಿ ಅವರಿಗೆ ಕಾಣುವುದು ಬೇಡವೆಂದರೆ Editor (Limited) ಇದೆ. ಕೆಲಸ ಮುಗಿದ ದಿನ ಆ ಹೆಸರನ್ನು ತೆಗೆದರಾಯಿತು.

ಹಳೆಯ ಮತ್ತು ಹೊಸ ಶೀರ್ಷಿಕೆಗಳ ಶೀಟ್ ಅನ್ನು ತಪ್ಪದೆ ಕೇಳಿ ಪಡೆಯಿರಿ, ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ. ಎಡಿಟರ್ ಬದಲಾದರೂ ಮುಂದಿನವರು ಅದನ್ನು ನೋಡಿಯೇ ಕೆಲಸ ಶುರು ಮಾಡಬೇಕು. 'ನಾಳೆಯಿಂದ ಲಕ್ಷ ವ್ಯೂಸ್' ಎನ್ನುವ ಎಡಿಟರ್‌ಗಿಂತ, ಕಾಯಬೇಕಾದ ದಿನವನ್ನೂ ಸೋತರೆ ಏನು ಮಾಡುತ್ತೇನೆಂಬುದನ್ನೂ ಮೊದಲೇ ಬರೆದು ತಿಳಿಸುವ ಎಡಿಟರ್ ನಂಬಿಕಸ್ತರು. ನಿಮ್ಮ ಕಡೆಯಿಂದಲೂ ಅವರಿಗೆ ಒಂದು ನೆರವು ಬೇಕು. ಹೊಸ ಶೀರ್ಷಿಕೆಯಲ್ಲಿರುವ ಪ್ರತಿಯೊಂದು ಪದವೂ ಕೃಷಿಯ ದೃಷ್ಟಿಯಿಂದ ಸರಿಯೇ ಎಂದು ನೀವು ಓದಿ ನೋಡಬೇಕು. ಕೊಳೆರೋಗಕ್ಕೂ ಹಿಡಿಮುಂಡಿಗೆ ರೋಗಕ್ಕೂ ಇರುವ ವ್ಯತ್ಯಾಸ ಪೇಟೆಯಲ್ಲಿ ಕೂತ ಎಡಿಟರ್‌ಗೆ ತಿಳಿದಿರಬೇಕೆಂದಿಲ್ಲ, ನಿಮಗೆ ತಿಳಿದಿದೆ. ಹೆಸರು ನಂಬಿ ಬಂದ ಬೆಳೆಗಾರ ಆ ಹೊತ್ತಿನಲ್ಲಿ ಡ್ರಮ್‌ಗೆ ನೀರು ತುಂಬಿಸಿಕೊಂಡು ನಿಂತಿರುತ್ತಾನೆ. ರೋಗದ ಹೆಸರು ತಪ್ಪಿದರೆ ಅವನ ಔಷಧಿಯೂ ಒಂದು ದಿನದ ಕೂಲಿಯೂ ದಂಡವಾಗುತ್ತದೆ. ಆದ್ದರಿಂದ ಶೀಟ್ ಕೈಗೆ ಬಂದ ದಿನವೇ ಎಂಟು ಸಾಲುಗಳನ್ನೂ ಓದಿ, ಸರಿಯಿದ್ದರೆ ಸರಿ ಎಂದು, ತಪ್ಪಿದ್ದರೆ ಎಲ್ಲಿ ತಪ್ಪಿದೆ ಎಂದು ಉತ್ತರ ಬರೆಯಿರಿ. 28 ದಿನಗಳ ಎಣಿಕೆ ನಿಮ್ಮ ಆ ಒಪ್ಪಿಗೆ ಬಂದ ಮೇಲೆ ಶುರುವಾಗಲಿ.